ಒಂದೇ ಗ್ಯಾಲ್ವನೋಮೀಟರ್: ಷಂಟ್ ಹಾಕಿದರೆ ಅಮ್ಮೀಟರ್, ಸರಣಿ ರೋಧ ಹಾಕಿದರೆ ವೋಲ್ಟ್‌ಮೀಟರ್

ನನ್ನ ಮೇಜಿನ ಮೇಲಿರುವುದು ಲ್ಯಾಬ್‌ನಲ್ಲಿ ಎಲ್ಲರೂ ನೋಡಿರುವಂಥದ್ದೇ ಗ್ಯಾಲ್ವನೋಮೀಟರ್. ಸೊನ್ನೆ ನಡುವೆ ಇದೆ. ಎಡಕ್ಕೆ 30 ಗೆರೆ, ಬಲಕ್ಕೆ 30 ಗೆರೆ. ಗೆರೆಗಳ ಪಕ್ಕ ಆಂಪಿಯರ್ ಅಂತಲೂ ಬರೆದಿಲ್ಲ, ವೋಲ್ಟ್ ಅಂತಲೂ ಬರೆದಿಲ್ಲ. ಇದನ್ನು ಮೊದಲು 0–300 ಮಿಲಿಆಂಪಿಯರ್ ಅಳೆಯುವ ಅಮ್ಮೀಟರ್ ಮಾಡೋಣ. ಆಮೇಲೆ ಇದನ್ನೇ 0–3 ವೋಲ್ಟ್ ಅಳೆಯುವ ವೋಲ್ಟ್‌ಮೀಟರ್ ಮಾಡೋಣ.

ಸೂತ್ರಗಳು ಪಠ್ಯಪುಸ್ತಕದಲ್ಲೇ ಇವೆ. ಅದಕ್ಕೆ ಅಂಕಿ ಹಾಕಿದರೆ ಷಂಟ್ 0.16 ಓಂ ಅಂತ ಬರುತ್ತದೆ. ಅಲ್ಲಿಗೆ ಲೆಕ್ಕ ಮುಗಿಯಿತು, ಆದರೆ ಕೆಲಸ ಶುರುವಾಗುವುದೇ ಅಲ್ಲಿಂದ. 0.16 ಓಂ ಅಂದರೆ ಕೈಗೆ ಸಿಗುವ ವಸ್ತು ಯಾವುದು? ಅದನ್ನು ಎಲ್ಲಿ, ಹೇಗೆ ಬಿಗಿಯಬೇಕು? ಸರಿ ಕೂತಿಲ್ಲ ಅಂದರೆ ಹೇಗೆ ಗೊತ್ತಾಗುತ್ತದೆ? ಹಾಗಾಗಿ ಇಲ್ಲಿ ಹೆಚ್ಚು ಹೊತ್ತು ಅಮ್ಮೀಟರ್ ಹತ್ತಿರವೇ ನಿಲ್ಲುತ್ತೇನೆ. ವೋಲ್ಟ್‌ಮೀಟರ್ ಅದಕ್ಕಿಂತ ತುಂಬಾ ಸುಲಭ.

ಮೊದಲು ಮೀಟರನ್ನೇ ಅಳೆಯಬೇಕು

ನಮಗೆ ಎರಡು ಸಂಖ್ಯೆ ಬೇಕು. ಸುರುಳಿಯ ರೋಧ ಎಷ್ಟು, ಅಂದರೆ G. ಮುಳ್ಳು ಕೊನೆಯ ಗೆರೆ ಮುಟ್ಟಲು ಎಷ್ಟು ಕರೆಂಟ್ ಬೇಕು, ಅಂದರೆ Ig.

G ಅಳೆಯಲು ಮಲ್ಟಿಮೀಟರನ್ನು ಓಂ ರೇಂಜ್‌ಗೆ ತಿರುಗಿಸಿ ಗ್ಯಾಲ್ವನೋಮೀಟರಿಗೆ ಹಚ್ಚಬೇಡಿ. ಓಂ ರೇಂಜ್‌ನಲ್ಲಿ ಮಲ್ಟಿಮೀಟರ್ ತಾನೇ ಕರೆಂಟ್ ಕಳಿಸುತ್ತದೆ. ಕಡಿಮೆ ಓಂ ರೇಂಜ್‌ಗಳಲ್ಲಿ ಅದು ಒಂದು ಮಿಲಿಆಂಪಿಯರ್ ಆಸುಪಾಸು ಇರಬಹುದು. ನಮ್ಮ ಮೀಟರ್ ಪೂರ್ತಿ ಓಡಲು ಅಷ್ಟೂ ಬೇಕಿಲ್ಲ. ಮುಳ್ಳು ಹೋಗಿ ಕೊನೆಗೆ ಬಡಿಯುತ್ತದೆ.

ಅದರ ಬದಲು ಅರ್ಧ ವಿಚಲನೆಯ ವಿಧಾನವನ್ನೇ ಹಿಡಿಯಿರಿ. ಬ್ಯಾಟರಿ, ಒಂದು ಕೀ, ದೊಡ್ಡ ರೆಸಿಸ್ಟೆನ್ಸ್ ಬಾಕ್ಸ್ R, ಗ್ಯಾಲ್ವನೋಮೀಟರ್, ಇಷ್ಟನ್ನೂ ಸರಣಿಯಲ್ಲಿ ಜೋಡಿಸಿ. ಕೀ ಒತ್ತುವ ಮೊದಲು R ಅನ್ನು 10,000 ಓಂಗೆ ಇಡಿ, ಆಮೇಲೆ ನಿಧಾನವಾಗಿ ಇಳಿಸಿ. ನನ್ನ ಬ್ಯಾಟರಿಯನ್ನು ಅಳೆದಾಗ 3.0 ವೋಲ್ಟ್ ಇತ್ತು. (ಹೊಸ ಸೆಲ್ ಎರಡು ಸೇರಿ 3 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿಯೇ ಕೊಡುತ್ತವೆ, ಆದ್ದರಿಂದ ಲೇಬಲ್ ನಂಬದೆ ಅಳೆಯಿರಿ.) R ಅನ್ನು 4920ಕ್ಕೆ ಇಳಿಸಿದಾಗ ಮುಳ್ಳು ಸರಿಯಾಗಿ 30ನೇ ಗೆರೆಯ ಮೇಲೆ ಬಂದು ನಿಂತಿತು.

ಈಗ ಇನ್ನೊಂದು ಕೀ ಮೂಲಕ ಸಣ್ಣ ರೆಸಿಸ್ಟೆನ್ಸ್ ಬಾಕ್ಸ್ S ಅನ್ನು ಗ್ಯಾಲ್ವನೋಮೀಟರಿನ ಎರಡು ತುದಿಗೆ ಸಮಾಂತರವಾಗಿ ಸೇರಿಸಿ. ಮುಳ್ಳು 30ರಿಂದ 15ಕ್ಕೆ ಇಳಿಯುವ ತನಕ S ಹೊಂದಿಸಿ. ನನಗೆ 79 ಓಂ ಇಟ್ಟಾಗ 15 ಬಂತು.

```
G = R × S / (R − S)
  = 4920 × 79 / 4841
  ≈ 80 Ω
```

G ಸಿಕ್ಕ ಮೇಲೆ Ig ಸುಲಭ. 30 ಗೆರೆ ತೋರಿಸುವಾಗ ಸರ್ಕ್ಯೂಟ್‌ನಲ್ಲಿದ್ದ ಒಟ್ಟು ರೋಧ 4920 + 80 = 5000 ಓಂ. 3 ವೋಲ್ಟನ್ನು ಅದರಿಂದ ಭಾಗಿಸಿದರೆ 0.0006 ಆಂಪಿಯರ್, ಅಂದರೆ 0.6 ಮಿಲಿಆಂಪಿಯರ್. ಒಂದು ಗೆರೆಗೆ 20 ಮೈಕ್ರೋಆಂಪಿಯರ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ವಿಧಾನದಲ್ಲಿ Ig ತುಂಬಾ ಚೆನ್ನಾಗಿ ಸಿಗುತ್ತದೆ, G ಅಷ್ಟು ಚೆನ್ನಾಗಿ ಸಿಗುವುದಿಲ್ಲ. 15ನೇ ಗೆರೆಯ ಹತ್ತಿರ ಓದುವಾಗ ಅರ್ಧ ಗೆರೆ ತಪ್ಪಿದರೆ ಅದು ಸುಮಾರು 3 ಪರ್ಸೆಂಟ್ ತಪ್ಪು. ಆದರೆ G ಮೇಲೆ ಅದರ ಪರಿಣಾಮ ಇನ್ನೂ ಜಾಸ್ತಿ, ಹತ್ತಿರ ಹತ್ತಿರ 7 ಪರ್ಸೆಂಟ್ ಆಗುತ್ತದೆ. ಯಾಕೆಂದರೆ S ಬದಲಾಯಿಸಿದಷ್ಟು ವೇಗವಾಗಿ ಮುಳ್ಳು ಸರಿಯುವುದಿಲ್ಲ. S ಎರಡು ಪರ್ಸೆಂಟ್ ಏರಿಸಿದರೆ ಮುಳ್ಳು ಸರಿಯುವುದು ಒಂದೇ ಪರ್ಸೆಂಟ್. ಹಾಗಾಗಿ ಕಣ್ಣನ್ನು ಮುಳ್ಳಿನ ನೇರ ಮೇಲಕ್ಕೆ ತಂದು ಓದಿ. ಬಾಕ್ಸ್‌ನ ಪ್ಲಗ್‌ಗಳನ್ನು ತಿರುಗಿಸಿ ಒತ್ತಿ ಬಿಗಿಮಾಡಿ. R ಬದಲಾಯಿಸಿ ಮೂರ್ನಾಲ್ಕು ಸಲ ಮಾಡಿ, ಸರಾಸರಿ ತೆಗೆದುಕೊಳ್ಳಿ.

ಷಂಟ್ ಅಂದರೆ ಎಂಟು ಸೆಂಟಿಮೀಟರ್ ತಂತಿ

ಸುರುಳಿ ತಾಳುವುದು 0.6 ಮಿಲಿಆಂಪಿಯರ್. ನಾವು ಅಳೆಯಬೇಕೆಂದಿರುವುದು 300. ಉಳಿದ 299.4 ಮಿಲಿಆಂಪಿಯರ್ ಬೇರೆ ದಾರಿಯಲ್ಲಿ ಹೋಗಬೇಕು. ಆ ದಾರಿಯೇ ಷಂಟ್. ಎರಡೂ ದಾರಿಗಳ ತುದಿ ಒಂದೇ ಆಗಿರುವುದರಿಂದ ಎರಡರ ಮೇಲೂ ಒಂದೇ ವೋಲ್ಟೇಜ್ ಇರುತ್ತದೆ. ಸುರುಳಿಯ ಕಡೆಯಿಂದ ನೋಡಿದರೆ ಅದು 0.6 ಮಿಲಿಆಂಪಿಯರ್ × 80 ಓಂ, ಅಂದರೆ 48 ಮಿಲಿವೋಲ್ಟ್. ಈ 48 ಅನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಮತ್ತೆ ಬರುತ್ತದೆ.

```
S = Ig × G / (I − Ig)
  = 0.048 / 0.2994
  ≈ 0.160 Ω
```

ಇಷ್ಟು ಕಡಿಮೆ ಓಂಗೆ ಸಾಮಾನ್ಯ ರೆಸಿಸ್ಟರ್ ಹುಡುಕುವುದಕ್ಕಿಂತ ತಂತಿಯಲ್ಲಿ ಮಾಡಿಕೊಳ್ಳುವುದೇ ಒಳ್ಳೆಯದು. ನಾನು ಬಳಸಿದ್ದು 0.56 ಮಿಲಿಮೀಟರ್ ದಪ್ಪದ ಕಾನ್‌ಸ್ಟಾಂಟನ್ ತಂತಿ. ಇದರ ರೋಧ ಮೀಟರಿಗೆ ಹೆಚ್ಚುಕಡಿಮೆ 2 ಓಂ. ಅಂದರೆ 0.16 ಓಂಗೆ ಬೇಕಾಗುವುದು ಸುಮಾರು 8 ಸೆಂಟಿಮೀಟರ್. ನಿಮ್ಮ ಹತ್ತಿರ ಬೇರೆ ದಪ್ಪದ ತಂತಿ ಇದ್ದರೆ ಸ್ಕ್ರೂಗೇಜ್‌ನಿಂದ ವ್ಯಾಸ ಅಳೆದು ಲೆಕ್ಕ ಹಾಕಿ. ಅಥವಾ ಒಂದು ಮೀಟರ್ ಉದ್ದದ ತಂತಿಯ ರೋಧವನ್ನು ನೇರವಾಗಿ ಅಳೆದು ಭಾಗಿಸಿ. ನನಗೆ ಎರಡನೆಯದೇ ಮೆಚ್ಚು. ವ್ಯಾಸದಲ್ಲಿ ಆದ ಸಣ್ಣ ತಪ್ಪು ವರ್ಗವಾಗಿ ಎರಡರಷ್ಟಾಗುತ್ತದೆ. ಉದ್ದ ಅಳೆಯುವಾಗ ಆ ತೊಂದರೆ ಇಲ್ಲ.

ನೈಕ್ರೋಮ್ ತಂತಿಯೂ ಆಗಬಹುದು, ಆದರೆ ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ನಮಗೆ ಇಲ್ಲಿ ಬೆಸುಗೆಯೇ ಮುಖ್ಯ. ಕಾನ್‌ಸ್ಟಾಂಟನ್‌ಗೆ ತಂತಿ ಉಜ್ಜಿ, ಸ್ವಲ್ಪ ಫ್ಲಕ್ಸ್ ಹಚ್ಚಿದರೆ ಬೆಸುಗೆ ಚೆನ್ನಾಗಿ ಕೂರುತ್ತದೆ.

ತಂತಿಯನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಮೀಟರಿನ ಜೀವ ನಿಂತಿದೆ

ಓದುವಾಗ ನಾನು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ಷಂಟ್ ತಂತಿಯ ಎರಡು ತುದಿಯನ್ನು ಗ್ಯಾಲ್ವನೋಮೀಟರಿನ ಎರಡು ಟರ್ಮಿನಲ್ ಸ್ಕ್ರೂ ಕೆಳಗೆ ಸಿಕ್ಕಿಸಿ ತಿರುಗಿಸಿದ್ದೆ. ಹೊರಗಿನ ವೈರ್‌ಗಳೂ ಅದೇ ಸ್ಕ್ರೂಗಳ ಕೆಳಗೇ ಇದ್ದವು. ರೀಡಿಂಗ್ ಬರುತ್ತಿತ್ತು. ವೈರ್ ಸ್ವಲ್ಪ ಅಲುಗಿದಾಗಲೆಲ್ಲ ಮುಳ್ಳು ಒಂದೆರಡು ಗೆರೆ ಮೇಲೆ ಹಾರಿ ಕೆಳಗೆ ಬರುತ್ತಿತ್ತು. ನಾನು ಅದನ್ನು ಗಮನಿಸಿದೆ, ಆದರೆ ಅದು ಏನು ಹೇಳುತ್ತಿದೆ ಅಂತ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಷಂಟ್‌ನ ಒಂದು ತುದಿ ಸ್ಕ್ರೂ ಕೆಳಗಿಂದ ಜಾರಿತು. ಮುಳ್ಳು ಟಕ್ ಅಂತ ಕೊನೆಗೆ ಹೊಡೆಯಿತು. ತೆಗೆದು ನೋಡಿದರೆ ಮುಳ್ಳಿನ ತುದಿ ಬಾಗಿತ್ತು. ಆ ಮೀಟರ್ ಮತ್ತೆ ಸರಿಯಾಗಿ ಸೊನ್ನೆಗೆ ಬರಲೇ ಇಲ್ಲ.

ಆಗಿದ್ದು ಏನು? ಷಂಟ್‌ನ ರೋಧ 0.16 ಓಂ. ಸ್ಕ್ರೂ ಸಡಿಲ ಇದ್ದರೆ, ತಂತಿ ಕಪ್ಪಾಗಿದ್ದರೆ, ಆ ಸಂಪರ್ಕದಲ್ಲೇ 0.01 ಓಂ ಸೇರಿಕೊಳ್ಳುವುದು ದೊಡ್ಡ ವಿಷಯವಲ್ಲ. ಆಗ ಷಂಟ್ ದಾರಿ 0.17 ಓಂ ಆಯಿತು. ಸುರುಳಿಗೆ ಹೋಗುವ ಪಾಲು 6 ಪರ್ಸೆಂಟ್ ಏರಿತು. 20 ಗೆರೆ ತೋರಿಸಬೇಕಾದದ್ದು 21ರ ಮೇಲೆ ತೋರಿಸುತ್ತದೆ. ಮುಳ್ಳು *ಮೇಲೆ* ಹಾರುತ್ತಿದ್ದುದರ ಅರ್ಥ ಇದೇ. ಇನ್ನು ಆ ತುದಿ ಪೂರ್ತಿ ಬಿಟ್ಟುಹೋದರೆ ಇರುವ ಕರೆಂಟಿಗೆಲ್ಲ ಸುರುಳಿಯೊಂದೇ ದಾರಿ. ಕೂದಲೆಳೆಯಂಥ ತಂತಿಯ ಸುರುಳಿಗೆ ಅದು ತಾಳುವುದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ನುಗ್ಗುತ್ತದೆ.

ಆದ್ದರಿಂದ ಜೋಡಣೆಯನ್ನು ತಿರುಗುಮುರುಗು ಮಾಡಿ. ಷಂಟ್ ತಂತಿಯನ್ನು 10 ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ ಕತ್ತರಿಸಿ. ಒಂದು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಎರಡು ಗಟ್ಟಿ ಟರ್ಮಿನಲ್ ಕೂರಿಸಿ, ತಂತಿಯ ಎರಡು ತುದಿಯನ್ನು ಅವಕ್ಕೆ ಬಿಗಿಯಿರಿ. ಹೊರಗಿನ ಸರ್ಕ್ಯೂಟ್ ಈ ಟರ್ಮಿನಲ್‌ಗಳಿಗೆ ಮಾತ್ರ ಬರಲಿ. ಈಗ ತಂತಿಯ ಮೈಮೇಲೆ, ಟರ್ಮಿನಲ್‌ಗಳಿಂದ ಒಳಗೆ, 8 ಸೆಂಟಿಮೀಟರ್ ಅಂತರದಲ್ಲಿ ಎರಡು ಸಣ್ಣ ತಾಮ್ರದ ವೈರ್ ಬೆಸೆಯಿರಿ. ಗ್ಯಾಲ್ವನೋಮೀಟರಿಗೆ ಹೋಗುವುದು ಈ ಎರಡು ವೈರ್.

ಇದರಿಂದ ಏನಾಯಿತು ನೋಡಿ. ಹೊರಗಿನ ಟರ್ಮಿನಲ್ ಸಡಿಲವಾದರೆ ಸರ್ಕ್ಯೂಟೇ ಕಡಿದುಹೋಗುತ್ತದೆ, ಸುರುಳಿಗೆ ಏನೂ ಆಗುವುದಿಲ್ಲ. ಗ್ಯಾಲ್ವನೋಮೀಟರ್ ಕಡೆಯ ಸ್ಕ್ರೂ ಸಡಿಲವಾಗಿ 0.01 ಓಂ ಸೇರಿದರೆ ಅದು 80 ಓಂ ಜೊತೆ ಸೇರುತ್ತದೆ, ಲೆಕ್ಕಕ್ಕೇ ಬರುವುದಿಲ್ಲ. ಅದು ಪೂರ್ತಿ ಬಿಟ್ಟರೆ ಮುಳ್ಳು ಸೊನ್ನೆಗೆ ಬೀಳುತ್ತದೆ, ಅಷ್ಟೇ. ಸುರುಳಿಗೆ ಅಪಾಯ ಬರುವುದು ಬೆಸುಗೆಗಳ ನಡುವಿನ ತಂತಿಯೇ ತುಂಡಾದರೆ ಮಾತ್ರ. ದೊಡ್ಡ ಕರೆಂಟಿನ ಷಂಟ್‌ಗಳಲ್ಲಿ ನಾಲ್ಕು ಟರ್ಮಿನಲ್ ಇರುವುದೂ ಇದೇ ಕಾರಣಕ್ಕೆ. ಎರಡು ಕರೆಂಟಿಗೆ, ಎರಡು ವೋಲ್ಟೇಜ್ ನೋಡಲಿಕ್ಕೆ.

ಇನ್ನೂ ಭದ್ರ ಬೇಕು ಅಂದರೆ ಗ್ಯಾಲ್ವನೋಮೀಟರಿನ ಟರ್ಮಿನಲ್‌ಗಳಿಗೇ ಎರಡು 1N4007 ಡಯೋಡ್ ಸೇರಿಸಿ, ಒಂದರ ದಿಕ್ಕು ಆ ಕಡೆ, ಇನ್ನೊಂದರದು ಈ ಕಡೆ. ಸಾಮಾನ್ಯವಾಗಿ ಅಲ್ಲಿರುವುದು 48 ಮಿಲಿವೋಲ್ಟ್ ಮಾತ್ರ, ಅಷ್ಟಕ್ಕೆ ಡಯೋಡ್ ಎಚ್ಚರವಾಗುವುದೇ ಇಲ್ಲ. ಷಂಟ್ ಕಡಿದರೆ ವೋಲ್ಟೇಜ್ ಏರಿ 0.7 ಹತ್ತಿರ ಬಂದಾಗ ಡಯೋಡ್ ತೆರೆದು ಕರೆಂಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಸುರುಳಿಗೆ ಆಗಲೂ ಮಿತಿಯ ಹತ್ತು-ಹದಿನೈದು ಪಟ್ಟು ಹೋಗುತ್ತದೆ, ಮುಳ್ಳು ಬಡಿಯುತ್ತದೆ. ಆದರೆ ಸುರುಳಿ ಸುಟ್ಟುಹೋಗುವುದನ್ನು ತಡೆಯಲು ಇದು ತುಂಬಾ ನೆರವಾಗುತ್ತದೆ.

ಹೋಲಿಸಿ ನೋಡುವುದು, ಸರಿಮಾಡುವುದು

G ಅಲ್ಲಿ 7 ಪರ್ಸೆಂಟ್ ತಪ್ಪಿರಬಹುದು ಅಂದೆನಲ್ಲ, ಅದನ್ನು ತೆಗೆಯುವುದು ಇಲ್ಲಿ. ಮೊದಲ ಸಲ ಬೆಸೆಯುವಾಗ ಲೆಕ್ಕಕ್ಕಿಂತ ಸ್ವಲ್ಪ ಉದ್ದವೇ ಬಿಡಿ, 8.5 ಸೆಂಟಿಮೀಟರ್ ಇರಲಿ. ಒಂದು ಬೆಸುಗೆಯನ್ನು ಗಟ್ಟಿಯಾಗಿ ಹಾಕಿ, ಇನ್ನೊಂದನ್ನು ಸದ್ಯಕ್ಕೆ ಹಗುರವಾಗಿ ಹಾಕಿ.

ನಂಬಬಹುದಾದ ಒಂದು ಅಮ್ಮೀಟರ್, ರಿಯೋಸ್ಟ್ಯಾಟ್, ಬ್ಯಾಟರಿ, ನಮ್ಮ ಮೀಟರ್, ಎಲ್ಲವನ್ನೂ ಸರಣಿಯಲ್ಲಿ ಜೋಡಿಸಿ. ರಿಯೋಸ್ಟ್ಯಾಟ್ ಪೂರ್ತಿ ರೋಧದಲ್ಲಿ ಇರಲಿ. ಆ ಅಮ್ಮೀಟರ್ 200 ಮಿಲಿಆಂಪಿಯರ್ ತೋರಿಸುವ ತನಕ ಇಳಿಸಿ. ನಮ್ಮಲ್ಲಿ ಒಂದು ಗೆರೆಗೆ 10 ಮಿಲಿಆಂಪಿಯರ್, ಆದ್ದರಿಂದ 20ನೇ ಗೆರೆ ಬರಬೇಕು. ನನಗೆ 21 ಬಂತು. ಹೆಚ್ಚು ತೋರಿಸುತ್ತಿದೆ ಅಂದರೆ ಷಂಟ್ ರೋಧ ಹೆಚ್ಚಿದೆ, ಸುರುಳಿಗೆ ಜಾಸ್ತಿ ತಳ್ಳುತ್ತಿದೆ ಅಂತ ಅರ್ಥ. ಹೊಸ ಉದ್ದ = 8.5 × 20 / 21, ಅಂದರೆ 8.1 ಸೆಂಟಿಮೀಟರ್. ಕರೆಂಟ್ ನಿಲ್ಲಿಸಿ, ಹಗುರವಾಗಿ ಹಾಕಿದ ಬೆಸುಗೆಯನ್ನು 4 ಮಿಲಿಮೀಟರ್ ಒಳಗೆ ಸರಿಸಿ. ತಂತಿ ತಣ್ಣಗಾದ ಮೇಲೆ ಮತ್ತೆ ನೋಡಿ.

ಆಮೇಲೆ 50, 100, 150, 250 ಮಿಲಿಆಂಪಿಯರ್‌ನಲ್ಲೂ ಹೋಲಿಸಿ. ತಪ್ಪು ಯಾವ ಬಗೆಯದು ಅನ್ನುವುದು ಮುಖ್ಯ. ಎಲ್ಲ ಕಡೆ ಒಂದೇ ಪರ್ಸೆಂಟ್ ತಪ್ಪಿದ್ದರೆ ಷಂಟ್ ಉದ್ದದ ತಪ್ಪು. ಎಲ್ಲ ಕಡೆ ಅದೇ ಅರ್ಧ ಗೆರೆ ತಪ್ಪಿದ್ದರೆ ಮುಳ್ಳು ಸೊನ್ನೆಯಲ್ಲೇ ಸರಿ ಇಲ್ಲ, ಷಂಟ್ ಮುಟ್ಟಬೇಡಿ, ಸೊನ್ನೆ ಹೊಂದಿಸುವ ಸ್ಕ್ರೂ ತಿರುಗಿಸಿ. ಒಂದೇ ಕರೆಂಟಿಗೆ ಬೇರೆ ಬೇರೆ ಸಲ ಬೇರೆ ಬೇರೆ ರೀಡಿಂಗ್ ಬಂದರೆ ಎಲ್ಲೋ ಸಂಪರ್ಕ ಸಡಿಲ.

ವೋಲ್ಟ್‌ಮೀಟರ್

ಷಂಟ್ ಬಿಚ್ಚಿಬಿಡಿ. 3 ವೋಲ್ಟ್ ಹಾಕಿದಾಗ 0.6 ಮಿಲಿಆಂಪಿಯರ್ ಮಾತ್ರ ಹರಿಯಬೇಕು. ಅದಕ್ಕೆ ಒಟ್ಟು 5000 ಓಂ ಬೇಕು. 80 ಸುರುಳಿಯಲ್ಲೇ ಇದೆ. ಉಳಿದದ್ದು 4920.

```
R = V / Ig − G = 5000 − 80 = 4920 Ω
```

ಈ ಸಂಖ್ಯೆಯನ್ನು ಮೊದಲೇ ನೋಡಿದ್ದೀರಿ, ಅಲ್ವಾ? G ಅಳೆಯುವಾಗ ಬಾಕ್ಸ್‌ನಲ್ಲಿ 4920 ಇಟ್ಟು 3 ವೋಲ್ಟ್ ಕೊಟ್ಟಾಗ ಮುಳ್ಳು 30ಕ್ಕೆ ಬಂದಿತ್ತು. ನಾವು ಆಗಲೇ 3 ವೋಲ್ಟ್ ವೋಲ್ಟ್‌ಮೀಟರ್ ಮಾಡಿಬಿಟ್ಟಿದ್ದೆವು, ಬಾಕ್ಸ್ ತೆಗೆದು ರೆಸಿಸ್ಟರ್ ಹಾಕುವುದಷ್ಟೇ ಬಾಕಿ. 4.7 ಕಿಲೋಓಂ ಮತ್ತು 220 ಓಂ, ಒಂದು ಪರ್ಸೆಂಟ್‌ನ ಎರಡು ರೆಸಿಸ್ಟರ್ ಸರಣಿಯಲ್ಲಿ ಸೇರಿಸಿದರೆ ಸರಿಯಾಗಿ 4920. ಒಂದು ಗೆರೆಗೆ 0.1 ವೋಲ್ಟ್. ಇಲ್ಲಿ G 7 ಪರ್ಸೆಂಟ್ ತಪ್ಪಿದರೂ 5000ದಲ್ಲಿ 5–6 ಓಂ ವ್ಯತ್ಯಾಸ ಮಾತ್ರ. ಸಡಿಲ ಸ್ಕ್ರೂ ಕೂಡ ರೀಡಿಂಗ್ ಕೆಡಿಸುವುದಿಲ್ಲ. ರೆಸಿಸ್ಟರ್ ಕಡಿದುಹೋದರೆ ಮುಳ್ಳು ಸೊನ್ನೆಯಲ್ಲೇ ಇರುತ್ತದೆ.

ಈಗ ಮೀಟರ್ ಏನಾಗಿದೆ?

ಸುರುಳಿಯ ಮಟ್ಟಿಗೆ ಏನೂ ಬದಲಾಗಿಲ್ಲ. ಅದಕ್ಕೆ ಈಗಲೂ 0.6 ಮಿಲಿಆಂಪಿಯರೇ ಕೊನೆ. ಬದಲಾಗಿದ್ದು ಹೊರಗಿನಿಂದ ಕಾಣುವ ಮೀಟರ್. 80 ಓಂ ಇದ್ದದ್ದು ಅಮ್ಮೀಟರ್ ಆದಾಗ 0.16 ಓಂ ಆಯಿತು, ವೋಲ್ಟ್‌ಮೀಟರ್ ಆದಾಗ 5000 ಓಂ ಆಯಿತು. ಅಮ್ಮೀಟರಿನಲ್ಲಿ ಒಂದು ಗೆರೆಗೆ ಮೊದಲಿಗಿಂತ 500 ಪಟ್ಟು ಕರೆಂಟ್ ಬೇಕು. ಅಂದರೆ ಸೂಕ್ಷ್ಮತೆ ಅಷ್ಟು ಕಡಿಮೆಯಾಯಿತು.

ಯಾವ ಮೀಟರೇ ಆಗಲಿ, ಸರ್ಕ್ಯೂಟಿನೊಳಗೆ ಹೋದ ಮೇಲೆ ಆ ಸರ್ಕ್ಯೂಟನ್ನೇ ಸ್ವಲ್ಪ ಬದಲಾಯಿಸುತ್ತದೆ. ಒಳರೋಧ ತೀರಾ ಕಡಿಮೆ ಇರುವ 1.5 ವೋಲ್ಟ್ ಮೂಲಕ್ಕೆ 5 ಓಂ ಹಚ್ಚಿದರೆ 300 ಮಿಲಿಆಂಪಿಯರ್ ಹರಿಯುತ್ತದೆ. ನಮ್ಮ ಅಮ್ಮೀಟರ್ ಸೇರಿಸಿದರೆ ಒಟ್ಟು 5.16 ಓಂ. ಈಗ ಹರಿಯುವುದು 291. ಮೀಟರ್ ಸುಳ್ಳು ಹೇಳುತ್ತಿಲ್ಲ, ಹರಿಯುತ್ತಿರುವುದೇ ಅಷ್ಟು. ಆದರೆ ಮೀಟರ್ ಇಲ್ಲದಿದ್ದಾಗ ಅದಕ್ಕಿಂತ ಜಾಸ್ತಿ ಹರಿಯುತ್ತಿತ್ತು.

ವೋಲ್ಟ್‌ಮೀಟರ್ ಕಥೆ ಇನ್ನೂ ಗಟ್ಟಿ. 3 ವೋಲ್ಟಿಗೆ 10 ಕಿಲೋಓಂನ ಎರಡು ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಒಂದೊಂದರ ಮೇಲೂ 1.5 ವೋಲ್ಟ್ ಇರಬೇಕು. ನಮ್ಮ ವೋಲ್ಟ್‌ಮೀಟರನ್ನು ಒಂದರ ಮೇಲೆ ಹಚ್ಚಿ ನೋಡಿ. ಮುಳ್ಳು 15ನೇ ಗೆರೆಗೆ ಹೋಗುವುದಿಲ್ಲ, ಏಳೂವರೆಗೆ ನಿಲ್ಲುತ್ತದೆ. 0.75 ವೋಲ್ಟ್, ಸರಿಯಾಗಿ ಅರ್ಧ! 10 ಕಿಲೋಓಂಗೆ ಸಮಾಂತರವಾಗಿ ಮೀಟರಿನ 5 ಕಿಲೋಓಂ ಸೇರಿ ಅಲ್ಲಿ 3.33 ಕಿಲೋಓಂ ಮಾತ್ರ ಉಳಿಯಿತು. ಅದೇ ಎರಡು ರೆಸಿಸ್ಟರ್ 100 ಓಂನವಾಗಿದ್ದರೆ ಮೀಟರ್ 1.49 ತೋರಿಸುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಅಳೆಯುವ ರೋಧಕ್ಕಿಂತ ಮೀಟರ್ ರೋಧ 50 ಪಟ್ಟಾದರೂ ಇದ್ದರೆ ಚಿಂತೆ ಇಲ್ಲ ಅಂತ ನಾನು ಇಟ್ಟುಕೊಂಡಿದ್ದೇನೆ.

ಮುಳ್ಳಿನ ನಡೆಯೂ ಬದಲಾಗುತ್ತದೆ. ಗ್ಯಾಲ್ವನೋಮೀಟರನ್ನು ಹಾಗೇ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ, ಮುಳ್ಳು ತೂಗಾಡುತ್ತದೆ. ಎರಡು ಟರ್ಮಿನಲ್‌ಗಳ ನಡುವೆ ಒಂದು ತಂತಿ ಕಟ್ಟಿ ಮತ್ತೆ ಅಲುಗಿಸಿ, ಜೇನುತುಪ್ಪದಲ್ಲಿ ಅದ್ದಿದ ಹಾಗೆ ನಿಧಾನವಾಗುತ್ತದೆ. ಕಾಂತದ ನಡುವೆ ಸುರುಳಿ ತಿರುಗಿದಾಗ ಅದರಲ್ಲೇ ವೋಲ್ಟೇಜ್ ಹುಟ್ಟುತ್ತದೆ. ಸಣ್ಣ ರೋಧದ ದಾರಿ ಸಿಕ್ಕರೆ ಕರೆಂಟ್ ಹರಿದು ಆ ಓಟವನ್ನೇ ತಡೆಯುತ್ತದೆ. ಷಂಟ್ ಮಾಡುವುದೂ ಇದನ್ನೇ. ಹಾಗಾಗಿ ಅಮ್ಮೀಟರಿನಲ್ಲಿ ಮುಳ್ಳು ನಿಧಾನವಾಗಿ ಬಂದು ನಿಲ್ಲುತ್ತದೆ, ಓದುವ ಮುನ್ನ ಒಂದೆರಡು ಸೆಕೆಂಡ್ ಕಾಯಿರಿ. ವೋಲ್ಟ್‌ಮೀಟರಿನಲ್ಲಿ 4920 ಓಂ ನಡುವೆ ಇರುವುದರಿಂದ ಮುಳ್ಳು ಹೆಚ್ಚು ಸಲ ಆಚೀಚೆ ತೂಗಿ ನಿಲ್ಲುತ್ತದೆ.

ಕೊನೆಗೆ ಬಿಸಿ. ಸುರುಳಿ ತಾಮ್ರದ್ದು. ಪ್ರತಿ ಡಿಗ್ರಿಗೆ ಅದರ ರೋಧ ಸುಮಾರು 0.4 ಪರ್ಸೆಂಟ್ ಏರುತ್ತದೆ. ಬೆಳಿಗ್ಗೆಗಿಂತ ಮಧ್ಯಾಹ್ನ 10 ಡಿಗ್ರಿ ಜಾಸ್ತಿ ಅಂದರೆ 80 ಓಂ ಇದ್ದದ್ದು 83 ದಾಟುತ್ತದೆ. ವೋಲ್ಟ್‌ಮೀಟರಿನ 5000ದಲ್ಲಿ ಆ 3 ಓಂ ಗೊತ್ತಾಗುವುದಿಲ್ಲ. ಅಮ್ಮೀಟರಿನಲ್ಲಿ ಹಾಗಲ್ಲ. ಕಾನ್‌ಸ್ಟಾಂಟನ್ ಷಂಟ್ ಬದಲಾಗದೆ ಉಳಿಯುತ್ತದೆ, ಸುರುಳಿಯ ದಾರಿ ಮಾತ್ರ ಬಿಗಿಯಾಗುತ್ತದೆ, ರೀಡಿಂಗ್ 4 ಪರ್ಸೆಂಟ್ ಇಳಿಯುತ್ತದೆ. ಬೆಳಿಗ್ಗೆ ಅಷ್ಟು ಕಷ್ಟಪಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿದ ಷಂಟ್ ಮಧ್ಯಾಹ್ನಕ್ಕೆ ತಪ್ಪು ತೋರಿಸುವುದು ಇದರಿಂದಲೇ.

ಇದಕ್ಕೆ ದಾರಿ ಇದೆ. ಸುರುಳಿಗೆ ಸರಣಿಯಲ್ಲಿ, ಷಂಟ್‌ನಿಂದ ಒಳಗಡೆ, ಬಿಸಿಗೆ ಬದಲಾಗದ ಮ್ಯಾಂಗನಿನ್ ತಂತಿಯ 240 ಓಂ ಸೇರಿಸಿ. ಈಗ ಆ ದಾರಿ ಒಟ್ಟು 320 ಓಂ, ಅದರಲ್ಲಿ ತಾಮ್ರ ಕಾಲು ಭಾಗ ಮಾತ್ರ. 10 ಡಿಗ್ರಿಗೆ ತಪ್ಪು ಒಂದು ಪರ್ಸೆಂಟ್‌ಗೆ ಇಳಿಯುತ್ತದೆ. ಷಂಟ್ 0.64 ಓಂ ಆಗಿ ತಂತಿ 32 ಸೆಂಟಿಮೀಟರ್ ಆಗುತ್ತದೆ. ಇಷ್ಟುದ್ದದ ತಂತಿಯಲ್ಲಿ ಒಂದೆರಡು ಮಿಲಿಮೀಟರ್ ತಪ್ಪು ಕೂಡ ಅಷ್ಟಾಗಿ ಕಾಡುವುದಿಲ್ಲ. ಬೆಲೆ ತೆರುವುದು ಬೇರೆ ಕಡೆ. 48 ಮಿಲಿವೋಲ್ಟ್ ಇದ್ದದ್ದು 192 ಆಗುತ್ತದೆ, ಮೀಟರ್ ರೋಧ 0.16ರಿಂದ 0.64 ಓಂಗೆ ಏರುತ್ತದೆ. ಆ 5 ಓಂನ ಸರ್ಕ್ಯೂಟಿಗೆ ಇದನ್ನು ಹಚ್ಚಿದರೆ 300ರ ಬದಲು 266 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ. ಅಳೆಯುವ ಸರ್ಕ್ಯೂಟ್‌ನಲ್ಲಿ ರೋಧ ಹತ್ತಾರು ಓಂ ಇದ್ದರೆ ನಾನು ಮ್ಯಾಂಗನಿನ್ ಹಾಕುತ್ತೇನೆ. ಒಂದೆರಡು ಓಂ ಮಾತ್ರ ಇದ್ದರೆ ಹಾಕುವುದಿಲ್ಲ, ಬದಲಿಗೆ ಅಳೆಯುವ ಹೊತ್ತಿಗೇ ಇನ್ನೊಂದು ಸಲ ಹೋಲಿಸಿಕೊಳ್ಳುತ್ತೇನೆ.